ಸಹಾಯ ಬೇಕು: ಶೇಕಡಾವಾರು ಮೊತ್ತ 98 ಬಂದರೆ ಅದು ರೌಂಡಿಂಗೋ, ತಪ್ಪೋ?

ನಮಸ್ಕಾರ. ನಮ್ಮ ಸಮೀಕ್ಷೆ ವರದಿಯಲ್ಲಿ ಸುಮಾರು 40 ಕೋಷ್ಟಕಗಳಿವೆ. ಒಂದರಲ್ಲಿ 300 ಮನೆಗಳನ್ನು ಆರು ಗುಂಪು ಮಾಡಿದ್ದೇವೆ: 100, 79, 61, 40, 13, 7. ಶೇಕಡಾ ಲೆಕ್ಕ ಹಾಕಿ ಒಂದೊಂದನ್ನೂ ರೌಂಡ್ ಮಾಡಿದರೆ 33, 26, 20, 13, 4, 2. ಕೂಡಿಸಿದರೆ 98! ಪ್ರತಿ ಸಾಲಿನಲ್ಲೂ 0.33 ಬಿಟ್ಟುಹೋಗಿದೆ, ಆರು ಸಲ ಸೇರಿ 2 ಆಗಿದೆ. ಶೀಟ್‌ನಲ್ಲಿ ಇದು ಕಾಣಲೇ ಇಲ್ಲ. ಸೆಲ್ ಫಾರ್ಮ್ಯಾಟ್ ತೋರಿಸುವುದನ್ನಷ್ಟೇ ಬದಲಿಸುತ್ತದೆ, `SUM` ಪೂರ್ತಿ ಸಂಖ್ಯೆಗಳನ್ನೇ ಕೂಡಿಸಿ 100 ಕೊಡುತ್ತದೆ. ಹಾಗಾಗಿ ಈಗ ಹೀಗೆ ನೋಡುತ್ತಿದ್ದೇನೆ:

```
=SUMPRODUCT(ROUND(B2:B7/B8*100,0))-100
=SUM(B2:B7)-B8
```

ಮೊದಲನೆಯದು ರೌಂಡಿಂಗ್ ವ್ಯತ್ಯಾಸ, ಇಲ್ಲಿ -2. ಎರಡನೆಯದು 0 ಬರದಿದ್ದರೆ ಎಣಿಕೆಯಲ್ಲೇ ತಪ್ಪು.

ನನ್ನ ತೊಂದರೆ ಹಳೆಯ ವರದಿಗಳದ್ದು. ಅವುಗಳಲ್ಲಿ ಶೇಕಡಾ ಮತ್ತು ಒಟ್ಟು ಮನೆಗಳು ಮಾತ್ರ ಇವೆ, ಗುಂಪಿನ ಎಣಿಕೆ ಇಲ್ಲ. ಸಾಲಿಗೆ ಅರ್ಧದಂತೆ ಆರು ಸಾಲಿಗೆ 3ರವರೆಗೆ ವ್ಯತ್ಯಾಸ ಸರಿ ಅಂದುಕೊಂಡಿದ್ದೆ. ಆದರೆ ಅದು ಸಡಿಲ ಮಿತಿ, ಅಲ್ವಾ? 300 ಮನೆಗಳಲ್ಲಿ 33% ಅಂದರೆ 98, 99 ಅಥವಾ 100 ಮನೆ ಮಾತ್ರ. ಅಂದರೆ ಸಾಲಿಗೆ ಜಾಸ್ತಿ ಅಂದರೆ 0.33 ವ್ಯತ್ಯಾಸ, ಒಟ್ಟು 2. ಮೊತ್ತ 97 ಬಂದರೆ ಖಂಡಿತ ತಪ್ಪು.

ಹೀಗೆ ಪ್ರತಿ ಸಾಲಿನ ಕನಿಷ್ಠ, ಗರಿಷ್ಠ ಎಣಿಕೆ ಹುಡುಕಿ, ಒಟ್ಟು ಅವುಗಳ ಮೊತ್ತಗಳ ನಡುವೆ ಬರುತ್ತದಾ ಎಂದು ನೋಡುವ ಸೂತ್ರ ಯಾರ ಹತ್ತಿರವಾದರೂ ಇದೆಯೇ? ಕೋಷ್ಟಕದಿಂದ ಕೋಷ್ಟಕಕ್ಕೆ ಒಟ್ಟು ಮನೆಗಳು ಬದಲಾಗುತ್ತವೆ. ಮೊತ್ತ 99 ಇದ್ದಾಗ ಒಂದು ಸಾಲಿನ ಟೈಪಿಂಗ್ ತಪ್ಪು ಈ ಮಿತಿಯೊಳಗೇ ಅಡಗಿರಬಹುದು. ಅದನ್ನು ಹಿಡಿಯಲು ನೀವು ಏನು ಮಾಡುತ್ತೀರಿ?