ವಿಎಂಸಿ ಸೆಟ್ಟರ್ ಪೋಸ್ಟ್: 140 'ಇಂಟರೆಸ್ಟೆಡ್', ಸೇರಿದವರು ಒಬ್ಬರೂ ಇಲ್ಲ

ಪೀಣ್ಯ_ಹೆಚ್‌ಆರ್
ಎರಡು ವಾರದಿಂದ ಇದೇ ಪೋಸ್ಟ್ ಹಾಕಿ ಹಾಕಿ ಸಾಕಾಗಿದೆ. ಕಾಮೆಂಟಲ್ಲಿ 140 'ಇಂಟರೆಸ್ಟೆಡ್'. ಫೋನ್ ಮಾಡಿದ್ರೆ ಅರ್ಧ ಜನ ಎತ್ತಲ್ಲ, ಎತ್ತಿದವರು 'ಯಾವ ಕೆಲಸ ಮೇಡಂ?' ಅಂತ ನನ್ನನ್ನೇ ಕೇಳ್ತಾರೆ. ಇಂಟರ್‌ವ್ಯೂಗೆ ಬಂದವರು ಮೂರು ಜನ, ಮೂವರೂ ಸೇರಲಿಲ್ಲ. ಪೋಸ್ಟಲ್ಲಿ ಎಲ್ಲಾ ಇದೆಯಲ್ಲ, ಇನ್ನೇನು ಬರೀಬೇಕು?

> ತುರ್ತಾಗಿ ಬೇಕಾಗಿದ್ದಾರೆ!!! ಪ್ರತಿಷ್ಠಿತ ಎಂಎನ್‌ಸಿ ಕಂಪನಿಗೆ ಸಿಎನ್‌ಸಿ / ವಿಎಂಸಿ ಆಪರೇಟರ್ ಕಮ್ ಸೆಟ್ಟರ್ ಕಮ್ ಪ್ರೋಗ್ರಾಮರ್. ಐಟಿಐ / ಡಿಪ್ಲೊಮಾ. ಅನುಭವ 0–5 ವರ್ಷ. ಸ್ಥಳ: ಬೆಂಗಳೂರು. ಸಂಬಳ 28,000ವರೆಗೆ + ಸೌಲಭ್ಯಗಳು. ಆಸಕ್ತರು ಡಿಎಂ ಮಾಡಿ ಅಥವಾ 'ಇಂಟರೆಸ್ಟೆಡ್' ಅಂತ ಕಾಮೆಂಟ್ ಹಾಕಿ. ಸೀಮಿತ ಹುದ್ದೆಗಳು!!!

ಪೋಸ್ಟರ್_ಕಿರಣ
ಬರೀ ಅಕ್ಷರ ಯಾರು ಓದ್ತಾರೆ ಮೇಡಂ? ಚೌಕದ ಪೋಸ್ಟರ್ ಮಾಡಿ. ಹಳದಿ ಹಿನ್ನೆಲೆ, ಕಪ್ಪು ದಪ್ಪಕ್ಷರ, ಮೇಲೆ ಮಷಿನ್ ಫೋಟೋ, ಕೆಳಗೆ ಫೋನ್ ನಂಬರ್. ಬೆಳಗ್ಗೆ ಶಿಫ್ಟ್ ಬಿಡೋ ಹೊತ್ತಿಗೆ ಹಾಕಿ. ನಿಮ್ಮ ತೊಂದರೆ ಇಷ್ಟೇ.

ಅಕ್ಷರ_ತಿದ್ದು
ಪೋಸ್ಟರ್ ಆಮೇಲೆ ನೋಡೋಣ. ಮೇಡಂ, ಮೂರು ಪ್ರಶ್ನೆ. ಬೇಕಾಗಿರೋದು ಆಪರೇಟರಾ, ಸೆಟ್ಟರಾ, ಪ್ರೋಗ್ರಾಮರಾ? ಆ 28,000 ಗ್ರಾಸಾ, ಸಿಟಿಸಿನಾ, ಕೈಗೆ ಬರೋದಾ? ಫ್ಯಾಕ್ಟರಿ ಬೆಂಗಳೂರಲ್ಲಿ ಎಲ್ಲಿ?

ಪೀಣ್ಯ_ಹೆಚ್‌ಆರ್
ಈ ಲೈನಲ್ಲಿ ಇರೋರಿಗೆ ಅದೆಲ್ಲ ಗೊತ್ತಾಗುತ್ತೆ. ಬೇಕಾಗಿರೋದು ಸೆಟ್ಟರ್, 4 ಜನ, ವಿಎಂಸಿ ಮಾತ್ರ. ಗ್ರಾಸ್ 20,000ದಿಂದ 23,000, ಓಟಿ ಸೇರಿದ್ರೆ 28 ಆಗುತ್ತೆ. ಇಂಟರ್‌ವ್ಯೂ ನಮ್ಮ ಪೀಣ್ಯ ಆಫೀಸಲ್ಲಿ, ಪ್ಲಾಂಟ್ ದಾಬಸ್‌ಪೇಟೆ.

ಸೆಟ್ಟರ್_ಶಿವು
ರೋಗ ಸಿಕ್ಕಿತು ಮೇಡಂ. ಈಗ ನೀವು ಹೇಳಿದ ಎರಡು ಸಾಲಲ್ಲಿ ಒಂದೂ ನಿಮ್ಮ ಪೋಸ್ಟಲ್ಲಿ ಇಲ್ಲ.

'ಆಪರೇಟರ್ ಕಮ್ ಸೆಟ್ಟರ್ ಕಮ್ ಪ್ರೋಗ್ರಾಮರ್' ಅಂತ ನೋಡಿದ ಕೂಡಲೇ ನಿಜವಾದ ಸೆಟ್ಟರ್ ಮುಂದೆ ಹೋಗ್ತಾನೆ. ಮೂವರ ಕೆಲಸ ಒಬ್ಬನ ತಲೆಗೆ ಕಟ್ಟಿ ಆಪರೇಟರ್ ಸಂಬಳ ಕೊಡ್ತಾರೆ ಅಂತ ಅವನಿಗೆ ಅರ್ಥ ಆಗೋದು. ಅದೇ ಸಾಲು ನೋಡಿ ಈಗಷ್ಟೇ ಐಟಿಐ ಮುಗಿಸಿದ ಹುಡುಗ 'ನನಗೂ ಇದೆ' ಅಂತ ಬರ್ತಾನೆ, ಯಾಕಂದ್ರೆ ಅನುಭವ ಸೊನ್ನೆಯಿಂದ ಶುರು ಮಾಡಿದ್ದೀರಿ. 140 ಜನರಲ್ಲಿ ಹೆಚ್ಚಿನವರು ಅವರೇ ಇರ್ತಾರೆ.

ಆಪರೇಟರ್ ಅಂದ್ರೆ ಪೀಸ್ ಹಾಕಿ, ಸೈಕಲ್ ಸ್ಟಾರ್ಟ್ ಒತ್ತಿ, ಅಳತೆ ನೋಡಿ, ಬೇಕಾದ್ರೆ ವೇರ್ ಆಫ್‌ಸೆಟ್ ಸ್ವಲ್ಪ ತಿದ್ದೋನು. ಸೆಟ್ಟರ್ ಆದವನು ಫಿಕ್ಸ್‌ಚರ್ ಕಟ್ಟಿ, ಡಯಲ್ ಹಾಕಿ ನೇರ ಮಾಡಿ, ಟೂಲ್ ಲೆಂತ್ ತೆಗೆದು, G54ರಲ್ಲಿ ಪೀಸಿನ ಝೀರೋ ಹಾಕಿ, ಮೊದಲ ಪೀಸ್ ಕ್ಯೂಸಿಯಿಂದ ಓಕೆ ಮಾಡಿಸ್ಬೇಕು. ನಿಮಗೆ ಬೇಕಾಗಿರೋದು ಇದೇ ಆದ್ರೆ ಇದನ್ನೇ ಬರೀರಿ. ಕಂಟ್ರೋಲ್ ಯಾವುದು, ಫ್ಯಾನುಕ್ಕಾ ಸೀಮೆನ್ಸಾ ಅನ್ನೋದು ಕೂಡ. ಫ್ಯಾನುಕ್ಕಲ್ಲೇ ಕೈ ಪಳಗಿದವನು ಸೀಮೆನ್ಸ್ ಮುಂದೆ ನಿಂತ್ರೆ ಮೊದಲ ವಾರ ತಡಕಾಡ್ತಾನೆ.

ಇನ್ನು ಸ್ಥಳ. ಪೀಣ್ಯ ಅಂದ್ಕೊಂಡು ಬಂದವನಿಗೆ ಇಂಟರ್‌ವ್ಯೂ ಮೇಜಲ್ಲಿ 'ದಾಬಸ್‌ಪೇಟೆ' ಅಂದ್ರೆ, ನೆಲಮಂಗಲ ದಾಟಿ ದಿನಾ ಹೋಗೋದು ಹೇಗೆ ಅಂತ ಅಲ್ಲೇ ಎದ್ದು ಹೋಗ್ತಾನೆ. ಬಂದ ಮೂವರೂ ಹೀಗೇ ಹೋಗಿರ್ತಾರೆ, ನೆನಪು ಮಾಡ್ಕೊಳ್ಳಿ.

ಪೀಣ್ಯ_ಹೆಚ್‌ಆರ್
ಇಬ್ಬರು ದೂರ ಅಂದ್ರು, ಹೌದು. ಮೂರನೆಯವರು ಸಂಬಳ ಕೇಳಿ ಹೋದ್ರು. ಕಂಟ್ರೋಲ್ ಫ್ಯಾನುಕ್.

ಪೋಸ್ಟರ್_ಕಿರಣ
ಇದೆಲ್ಲ ಪೋಸ್ಟರಲ್ಲೇ ಹಾಕಬಹುದು. ಸ್ಥಳದ ಮುಂದೆ ಒಂದು ಪಿನ್ ಗುರುತು ಇಟ್ರೆ ಆಯ್ತು.

ಸಂಬಳ_ಪಟ್ಟಿ
ಮೂರನೆಯವರು ಯಾಕೆ ಹೋದ್ರು ಅನ್ನೋದಕ್ಕೆ ಲೆಕ್ಕ ಇಲ್ಲಿದೆ. ಬೇಸಿಕ್ ಮತ್ತು ಡಿಎ ಸೇರಿ 15,000 ಅಂತ ಇಟ್ಟುಕೊಳ್ತೀನಿ. ನಿಮ್ಮಲ್ಲಿ ಬೇರೆ ಇದ್ರೆ ಅಂಕಿ ಬದಲಾಗುತ್ತೆ.

ಗ್ರಾಸ್ 20,000 ಇರೋನಿಗೆ ಪಿಎಫ್ 12 ಶೇಕಡಾದಂತೆ 1,800, ಇಎಸ್‌ಐ 0.75 ಶೇಕಡಾದಂತೆ 150 ಕಡಿತ. ಕೈಗೆ 18,050. ಗ್ರಾಸ್ 23,000 ಇರೋನು ಸೇರುವಾಗಲೇ 21,000ದ ಮಿತಿ ದಾಟಿರೋದ್ರಿಂದ ಅವನಿಗೆ ಇಎಸ್‌ಐ ಇಲ್ಲ. ಪಿಎಫ್ ಮಾತ್ರ ಹೋಗಿ ಕೈಗೆ 21,200. ಗ್ರಾಸ್ 25,000ದ ಒಳಗೆ ಇರೋದ್ರಿಂದ ನಮ್ಮಲ್ಲಿ ವೃತ್ತಿ ತೆರಿಗೆ ಬರಲ್ಲ.

ಈಗ ಆ 28,000. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂದ್ರೆ 20,000ಕ್ಕೆ ಗಂಟೆಗೆ ಸುಮಾರು 96 ರೂಪಾಯಿ. ಓಟಿ ಡಬಲ್, ಅಂದ್ರೆ 192. ಗ್ರಾಸ್ 28,000 ಮುಟ್ಟಬೇಕಾದ್ರೆ ಅವನು ತಿಂಗಳಿಗೆ ಸುಮಾರು 42 ಗಂಟೆ ಓಟಿ ಮಾಡ್ಬೇಕು. 23,000 ಇರೋನಿಗೂ 23 ಗಂಟೆ ಹತ್ತಿರ ಬೇಕು. ಅಷ್ಟು ಓಟಿ ಪ್ರತಿ ತಿಂಗಳೂ ಇರುತ್ತೆ ಅಂತ ಕಂಪನಿ ಬರೆದುಕೊಡುತ್ತಾ? ಇಲ್ಲ ಅಂದ್ರೆ 28,000 ಸಂಬಳ ಅಲ್ಲ. 'ವರೆಗೆ' ಅನ್ನೋ ಪದಾನ ಓದುವವನು ಗಮನಿಸಲ್ಲ, 28 ಅಂತಲೇ ತಲೇಲಿ ಇಟ್ಕೊಂಡು ಬಸ್ ಹತ್ತಿ ಬರ್ತಾನೆ. ಮೇಜಿನ ಮೇಲೆ 18 ಅಂತ ಕೇಳಿದ್ರೆ ಹತ್ತು ಸಾವಿರ ಕಿತ್ತುಕೊಂಡ ಹಾಗೆ ಅನ್ನಿಸುತ್ತೆ, ಕೆಲಸ ಚೆನ್ನಾಗಿದ್ರೂ ಸೇರಲ್ಲ.

ಹುಬ್ಳಿ_ಪ್ಲೇಸ್‌ಮೆಂಟ್
ಸಂಬಳ ಪೋಸ್ಟಲ್ಲಿ ಹಾಕಬ್ಯಾಡ್ರೀ. ನಾವು ಸ್ಟಾಫ್ ನರ್ಸ್ ಪೋಸ್ಟಿಗೆ ಎಂದೂ ಹಾಕಂಗಿಲ್ಲ. ರೇಂಜ್ ಕೊಟ್ರ ಎಲ್ಲಾರೂ ಮ್ಯಾಲಿನ ಅಂಕಿನೇ ಕೇಳ್ತಾರ್ರೀ. ನಮ್ಮದು 14 ಪ್ರಶ್ನೆ ಇರೋ ಗೂಗಲ್ ಫಾರ್ಮ್ ಐತಿ, ಶೀಟಿಗೆ ತಾನ ಬೀಳತೈತಿ, ಬಣ್ಣ ಹಚ್ಚಿ ಶಾರ್ಟ್‌ಲಿಸ್ಟ್ ಆಕ್ಕೈತಿ. ಹೊಸ ಲ್ಯಾಪ್‌ಟಾಪ್, ಎರಡು ಮಾನಿಟರ್, ಒಂದರಾಗ ಶೀಟ್ ಒಂದರಾಗ ವಾಟ್ಸಾಪ್ ವೆಬ್.

ಸೆಟ್ಟರ್_ಶಿವು
ಸೆಕೆಂಡ್ ಶಿಫ್ಟ್ ಮುಗಿಸಿ ಬಂದವನು ಮೊಬೈಲಲ್ಲಿ 14 ಪ್ರಶ್ನೆ ತುಂಬಲ್ಲ ಸರ್. ಅದರಲ್ಲಿ ರೆಸ್ಯೂಮ್ ಅಪ್‌ಲೋಡ್ ಕೇಳಿದ್ರೆ ಅಲ್ಲಿಗೇ ಮುಗೀತು. ಆ ಪ್ರಶ್ನೆಗೆ ಜಿಮೇಲ್ ಸೈನ್‌ಇನ್ ಕೇಳುತ್ತೆ, ಪಾಸ್‌ವರ್ಡ್ ಎಷ್ಟು ಜನಕ್ಕೆ ನೆನಪಿರುತ್ತೆ?

ಹುಬ್ಳಿ_ಪ್ಲೇಸ್‌ಮೆಂಟ್
ಸೈನ್‌ಇನ್ ಮಾತು ಖರೇ ಐತಿ, ಅಪ್‌ಲೋಡ್ ತಗದ್ರ ಕೇಳಂಗಿಲ್ಲ. ಆದ್ರ ಸಂಬಳದ ವಿಷಯದಾಗ ನಾ ಒಪ್ಪಂಗಿಲ್ರೀ.

ಅಕ್ಷರ_ತಿದ್ದು
ಎಲ್ಲರೂ ಮೇಲಿನ ಅಂಕಿ ಕೇಳೋದು, ಯಾರಿಗೆ ಎಷ್ಟು ಅಂತ ರೇಂಜಿನ ಪಕ್ಕದಲ್ಲಿ ಬರೆಯದೆ ಬಿಟ್ಟಾಗ. 2 ವರ್ಷಕ್ಕೆ ಇಷ್ಟು, 4 ವರ್ಷಕ್ಕೆ ಇಷ್ಟು ಅಂತ ಕಟ್ಟಿಬಿಟ್ರೆ ಚೌಕಾಸಿ ಅರ್ಧ ಕಡಿಮೆ ಆಗುತ್ತೆ. ಮೇಡಂ, ನೀವು ಕೊಟ್ಟ ವಿವರದಲ್ಲೇ ಬರೆದಿದ್ದೀನಿ. ಅನುಭವ, ಶಿಫ್ಟ್, ಬಸ್ಸು ನನ್ನ ಊಹೆ, ತಿದ್ದಿಕೊಳ್ಳಿ.

> *ವಿಎಂಸಿ ಸೆಟ್ಟರ್, 4 ಜನ, ದಾಬಸ್‌ಪೇಟೆ, ಕೈಗೆ ₹18,000–21,200, ಓಟಿ ಬೇರೆ*
>
> ಕೆಲಸ: ಫಿಕ್ಸ್‌ಚರ್ ಮತ್ತು ಟೂಲ್ ಸೆಟ್ಟಿಂಗ್, ಮೊದಲ ಪೀಸ್ ಓಕೆ ಮಾಡಿಸುವುದು. ಫ್ಯಾನುಕ್ ಕಂಟ್ರೋಲ್. ಪ್ರೋಗ್ರಾಂ ಬರೆಯಬೇಕಿಲ್ಲ, ಎಡಿಟ್ ಮಾಡಲು ಬಂದರೆ ಸಾಕು.
>
> ಸಂಬಳ: ಸೆಟ್ಟಿಂಗ್‌ನಲ್ಲೇ 2 ವರ್ಷ ಇದ್ದರೆ ಗ್ರಾಸ್ 20,000. 4 ವರ್ಷ ದಾಟಿದ್ದರೆ 23,000. ಪಿಎಫ್ ಇದೆ. ಓಟಿ ಇದ್ದ ತಿಂಗಳು ಡಬಲ್ ರೇಟ್.
>
> ಸ್ಥಳ: ಪ್ಲಾಂಟ್ ದಾಬಸ್‌ಪೇಟೆಯಲ್ಲಿ, 3 ಶಿಫ್ಟ್. ನಾಗಸಂದ್ರ ಮೆಟ್ರೋದಿಂದ ಕಂಪನಿ ಬಸ್. ಇಂಟರ್‌ವ್ಯೂ ಮಾತ್ರ ಪೀಣ್ಯದಲ್ಲಿ.
>
> ಅರ್ಜಿ: ಕೆಳಗಿನ ಲಿಂಕ್ ಒತ್ತಿ ವಾಟ್ಸಾಪಲ್ಲಿ ಮೂರೇ ಉತ್ತರ ಕಳಿಸಿ. ಯಾವ ಮಷಿನ್, ಸೆಟ್ಟಿಂಗ್ ಎಷ್ಟು ವರ್ಷ, ಈಗ ಇರುವ ಊರು. ರೆಸ್ಯೂಮ್ ಬೇಡ. ಯಾರಿಗೂ ದುಡ್ಡು ಕೊಡಬೇಕಿಲ್ಲ.

ಲಿಂಕ್ ಹೀಗಿರಲಿ:

```
https://wa.me/91XXXXXXXXXX?text=VMC%20SETTER%20DABASPET
```

91 ಆದಮೇಲೆ ನೇರ ಹತ್ತು ಅಂಕಿ. ಮುಂದೆ ಪ್ಲಸ್ ಗುರುತು, ಸೊನ್ನೆ, ಮಧ್ಯೆ ಖಾಲಿ ಜಾಗ ಯಾವುದೂ ಬೇಡ, ಹಾಕಿದ್ರೆ ಲಿಂಕ್ ಕೈಕೊಡುತ್ತೆ. ಒತ್ತಿದ ಕೂಡಲೇ ಚಾಟ್ ತೆರೆದು ಆ ಸಾಲು ಮೊದಲೇ ಟೈಪ್ ಆಗಿರುತ್ತೆ, ಯಾವ ಕೆಲಸಕ್ಕೆ ಬಂದವರು ಅಂತ ನಿಮಗೂ ಗೊತ್ತಾಗುತ್ತೆ. 'ಇಂಟರೆಸ್ಟೆಡ್' ಕಾಮೆಂಟ್ ಕೇಳೋದು ಪೂರ್ತಿ ಬಿಡಿ. ಅದನ್ನು ಹಾಕೋಕೆ ಪೋಸ್ಟ್ ಓದಬೇಕಿಲ್ಲ, ಮೂರು ಉತ್ತರ ಕೊಡೋಕೆ ಓದಲೇಬೇಕು.

ಮೊದಲ ಸಾಲಲ್ಲೇ ನಾಲ್ಕೂ ತುಂಬಿದ್ದು ಬೇಕಂತಲೇ. ಲಿಂಕ್ಡ್‌ಇನ್‌ನಲ್ಲಿ ಮೊದಲ ಕೆಲವು ಸಾಲು ಬಿಟ್ಟು ಉಳಿದದ್ದು ಮಡಚಿಕೊಳ್ಳುತ್ತೆ. ನಿಮ್ಮ ಹಳೇ ಪೋಸ್ಟಲ್ಲಿ ಆ ಜಾಗವನ್ನ 'ತುರ್ತಾಗಿ', 'ಪ್ರತಿಷ್ಠಿತ' ತಿಂದುಬಿಟ್ಟಿವೆ.

ಪೋಸ್ಟರ್_ಕಿರಣ
ಇಷ್ಟು ಉದ್ದ ಯಾರೂ ಓದಲ್ಲ. ಪೋಸ್ಟರ್ ಮಾಡಿ ಅಂತ ಮತ್ತೆ ಹೇಳ್ತೀನಿ.

ಅಕ್ಷರ_ತಿದ್ದು
ಪೋಸ್ಟರೊಳಗೆ ಲಿಂಕ್ ಒತ್ತೋಕಾಗಲ್ಲ ಕಿರಣ್. ಲಿಂಕ್ ಕ್ಯಾಪ್ಶನಲ್ಲಿ ಇಟ್ರೂ ಫಾರ್ವರ್ಡ್ ಮಾಡುವಾಗ ಕ್ಯಾಪ್ಶನ್ ತೆಗೆದು ಕಳಿಸೋರಿದ್ದಾರೆ. ಗೋಡೆಗೆ ಅಂಟಿಸೋದಾದ್ರೆ ನಿಮ್ಮ ಮಾತು ಸರಿ, ಅಲ್ಲಿ ಆ ಮೊದಲ ಸಾಲು ಮತ್ತು ನಂಬರ್ ದೊಡ್ಡದಾಗಿ ಇದ್ರೆ ಸಾಕು.

ಬಿಕಾಂ_ಮಂಡ್ಯ
ಸರ್ ನಾನು ಬಿಕಾಂ, ಟ್ಯಾಲಿ ಬರುತ್ತೆ. ದಾಬಸ್‌ಪೇಟೆ ಓಕೆ. ನಂಬರ್ ಕಳಿಸಿ.

ಪೀಣ್ಯ_ಹೆಚ್‌ಆರ್
ಇದು ಮಷಿನ್ ಕೆಲಸಕ್ಕೆ ತಮ್ಮಾ, ಅಕೌಂಟ್ಸ್ ಇಲ್ಲ.

ಸೆಟ್ಟರ್_ಶಿವು
ಮೇಡಂ, ಒಂದು ಬಿಟ್ಟುಹೋಗಿದೆ. ರೋಲ್ ಯಾರದ್ದು, ಕಂಪನಿದಾ ಕಾಂಟ್ರ್ಯಾಕ್ಟಾ? ಅನುಭವ ಇರೋ ಸೆಟ್ಟರ್ ಮೊದಲು ಕೇಳೋದೇ ಅದು. ಹಾಗೇ ನೈಟ್ ಶಿಫ್ಟ್ ಬಿಟ್ಟಾಗ ಬಸ್ ಇದೆಯಾ ಅನ್ನೋದೂ ಹಾಕಿ.

ಪೀಣ್ಯ_ಹೆಚ್‌ಆರ್ (ಆರು ದಿನದ ನಂತರ)
ಗುರುವಾರ ಹೊಸ ಪೋಸ್ಟ್ ಹಾಕಿದೆ. ಅನುಭವದ ಸಾಲು ಹಾಗೇ ಇಟ್ಟೆ. ಬಸ್ಸು ಎರಡು ಶಿಫ್ಟಿಗೆ ಮಾತ್ರ ಇದೆ ಅಂತ ಗೊತ್ತಾಯ್ತು, ಹಾಗೇ ಬರೆದೆ. ಮೊದಲ ಆರು ತಿಂಗಳು ಕಾಂಟ್ರ್ಯಾಕ್ಟ್ ಅಂತಾನೂ ಹಾಕಿದೆ. ಬಂದ ಮೆಸೇಜು 31, ಅದರಲ್ಲಿ 19 ಜನ ಮೂರೂ ಉತ್ತರ ಕೊಟ್ಟಿದ್ದಾರೆ. ನೆಲಮಂಗಲ, ತುಮಕೂರು ಕಡೆಯವರೇ ಹೆಚ್ಚು, ದೂರ ಅಂತ ಯಾರೂ ಅನ್ನಲಿಲ್ಲ. 7 ಜನ ಇಂಟರ್‌ವ್ಯೂಗೆ ಬಂದ್ರು, ಇಬ್ಬರು ಸೋಮವಾರ ಸೇರ್ತಾರೆ.

ಈಗ ಬೇರೆ ತಲೆನೋವು. ಪ್ಲಾಂಟ್ ಮ್ಯಾನೇಜರ್ ಪೋಸ್ಟ್ ನೋಡಿ ಸಂಬಳದ ಸಾಲು ತೆಗೀರಿ ಅಂತಿದ್ದಾರೆ. ಒಳಗೆ ಮೂರು ವರ್ಷದಿಂದ ಇರೋ ಸೆಟ್ಟರ್‌ಗಳು 19,000ದಲ್ಲಿ ಇದ್ದಾರಂತೆ, ಅವರೆಲ್ಲ ಫೋನಲ್ಲಿ ಪೋಸ್ಟ್ ತೋರಿಸ್ತಾ ಹೆಚ್‌ಆರ್ ಕ್ಯಾಬಿನ್ ಮುಂದೆ ನಿಂತಿದ್ದಾರೆ.

ಹುಬ್ಳಿ_ಪ್ಲೇಸ್‌ಮೆಂಟ್
ಅದಕ್ಕ ಹೇಳಿದ್ದು ನಾ.

ಸಂಬಳ_ಪಟ್ಟಿ
ಸಾಲು ತೆಗೆದ್ರೂ ಹೊಸಬರು ಸೇರಿದ ತಿಂಗಳೇ ಸ್ಲಿಪ್ ನೋಡ್ಕೊಳ್ತಾರೆ. ಅದು ಪೋಸ್ಟಿನ ತಪ್ಪಲ್ಲ, ಒಳಗಿನವರ ಸಂಬಳ ತಿದ್ದಬೇಕಾದ ವಿಷಯ.

ಪೀಣ್ಯ_ಹೆಚ್‌ಆರ್
ಅದು ನನ್ನ ಕೈಯಲ್ಲಿಲ್ಲ ಸರ್. ಇನ್ನೂ ಇಬ್ಬರು ಬೇಕು. ಸಂಬಳದ ಸಾಲು ಇಲ್ಲದೆ ಹಾಕಿದ್ರೆ ಅದೇ 140 'ಇಂಟರೆಸ್ಟೆಡ್' ವಾಪಸ್ ಬರುತ್ತೆ. ಕನಿಷ್ಠ 20,000 ಅಂತ ಕೆಳಗಿನ ಅಂಕಿ ಮಾತ್ರ ಹಾಕೋಕೆ ಮ್ಯಾನೇಜರ್ ಒಪ್ಪಬಹುದು. ಹಾಗೆ ಹಾಕಿ ನೋಡಿದವರು ಯಾರಾದ್ರೂ ಇದ್ದೀರಾ?

ಪೋಸ್ಟರ್_ಕಿರಣ
ಗೋಡೆಗೆ ಅಂಟಿಸೋ ಪೋಸ್ಟರ್ ಎ3 ಸೈಜಲ್ಲಿ ಮಾಡಿಟ್ಟಿದ್ದೀನಿ. ಅಂಕಿ ಹಾಕೋದಾ ಬೇಡವಾ ಹೇಳಿ, ಪ್ರಿಂಟಿಗೆ ಕೊಡ್ತೀನಿ.