ಕರೆಂಟ್ ಬಂದಾಗಲೆಲ್ಲ ಗ್ಯಾಸ್ ಅಲಾರಂ ಕೂಗುತ್ತಿದೆ, ಫ್ಯಾನ್ ತಾನೇ ತಿರುಗುತ್ತಿದೆ (ಎಂಕ್ಯೂ-6, ಆರ್ಡುಯಿನೊ)

ರೊಟ್ಟಿಮನೆ_ದಾವಣಗೆರೆ: ನಮ್ಮಮ್ಮ ಪಿ.ಜೆ. ಬಡಾವಣೆಯಲ್ಲಿ ಖಾನಾವಳಿ ನಡೆಸುತ್ತಾರೆ. ಹೋದ ತಿಂಗಳು ಸಿಲಿಂಡರ್ ಪೈಪ್ ಸಡಿಲವಾಗಿ ವಾಸನೆ ಬಂತು. ಆ ಹೆದರಿಕೆಗೆ ಎಂಕ್ಯೂ-6 ಸೆನ್ಸರ್ ತಂದು, ರಿಲೇ ಮೂಲಕ ಎಕ್ಸಾಸ್ಟ್ ಫ್ಯಾನಿಗೆ ಕೊಟ್ಟೆ. ಸೆನ್ಸರನ್ನು ಫ್ಯಾನ್ ಪಕ್ಕ, ಮೇಲೆ ಕೂರಿಸಿದ್ದೇನೆ. ಲೋಡ್ ರೆಸಿಸ್ಟರ್ 20 ಕೆ. ರೀಡಿಂಗ್ 300 ದಾಟಿದರೆ ಫ್ಯಾನ್ ಆನ್ ಆಗಬೇಕು.

ತೊಂದರೆ ಎರಡು. ಕರೆಂಟ್ ಹೋಗಿ ಬಂದ ಕೂಡಲೇ ರೀಡಿಂಗ್ 700 ದಾಟಿ ಅಲಾರಂ ಕೂಗುತ್ತದೆ. ಮಧ್ಯಾಹ್ನ ಒಗ್ಗರಣೆ ಹಾಕಿದರೆ 320, 340 ತೋರಿಸುತ್ತದೆ. ಅಮ್ಮ ರೋಸಿಹೋಗಿ ಪ್ಲಗ್ಗನ್ನೇ ಕಿತ್ತಿದ್ದಾರೆ.

ಸೋಲ್ಡರ್_ಹುಡುಗ: ಮಾಡ್ಯೂಲ್ ಮೇಲೆ ನೀಲಿ ಬಣ್ಣದ ಪ್ರೀಸೆಟ್ ಇದೆಯಲ್ವಾ? ಅದನ್ನು ತಿರುಗಿಸಿ, ಸರಿಯಾಗುತ್ತದೆ. ಶುರುವಿನಲ್ಲಿ ಕೋಡಲ್ಲಿ ಸ್ವಲ್ಪ ಡಿಲೇ ಹಾಕಿ.

ಹಿರಿಯೂರು_ತೋಟ: ನಮ್ಮ ಗೋಬರ್ ಗ್ಯಾಸ್ ಕೋಣೆಯಲ್ಲಿ ನಾನೂ ಸೆನ್ಸರನ್ನು ಸೂರಿನ ಹತ್ತಿರವೇ ಹಾಕಿದ್ದೇನೆ, ಒಂದು ವರ್ಷದಿಂದ ಚೆನ್ನಾಗಿದೆ. ನಿಮ್ಮ ಸೆನ್ಸರೇ ಕೆಟ್ಟಿರಬೇಕು.

ಹಳೇ_ಮೀಟರ್: ಹಿರಿಯೂರಿನವರೇ, ನಿಮ್ಮದು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಎಲ್‌ಪಿಜಿ ಭಾರ, ನೆಲದಲ್ಲಿ ಹರಡುತ್ತದೆ. ಹಾಗಾಗಿ ರೊಟ್ಟಿಮನೆಯವರೇ, ಮೊದಲು ಸೆನ್ಸರನ್ನು ಕೆಳಗಿಳಿಸಿ. ನೆಲದಿಂದ ಒಂದಡಿ ಎತ್ತರ, ಸಿಲಿಂಡರ್ ಇರುವ ಕಡೆ, ನೀರು ಸಿಡಿಯದ ಜಾಗ. ಈಗ ನಿಮ್ಮ ಸೆನ್ಸರಿಗೆ ಸಿಗುತ್ತಿರುವುದು ಒಗ್ಗರಣೆಯ ಹೊಗೆ ಮತ್ತು ಹಬೆ. ಗ್ಯಾಸ್ ಸೋರಿದರೆ ಅದಕ್ಕೆ ತಡವಾಗಿ ಗೊತ್ತಾಗುತ್ತದೆ.

ಕರೆಂಟ್ ಬಂದಾಗ 700 ತೋರಿಸುವುದು ಕೆಟ್ಟಿರುವ ಲಕ್ಷಣವಲ್ಲ. ಒಳಗಿನ ಹೀಟರ್ ಬಿಸಿಯಾಗುವವರೆಗೆ ಗ್ಯಾಸ್ ಇಲ್ಲದಿದ್ದರೂ ರೀಡಿಂಗ್ ಏರಿ, ಆಮೇಲೆ ಇಳಿಯುತ್ತದೆ. ಡಿಲೇ ಬೇಕು ಎಂದ ಸೋಲ್ಡರ್ ಮಾತು ನಿಜ. ಆದರೆ ಪ್ರೀಸೆಟ್ ತಿರುಗಿಸಿದರೆ ಡಿಜಿಟಲ್ ಪಿನ್ ಮಾತ್ರ ಬದಲಾಗುತ್ತದೆ, ನೀವು ಓದುತ್ತಿರುವುದು ಅನಲಾಗ್ ಪಿನ್. ಇನ್ನೊಂದು, ಹೊಸ ಸೆನ್ಸರನ್ನು 24 ಗಂಟೆಗೂ ಹೆಚ್ಚು ಕಾಲ ಸತತವಾಗಿ ಆನ್ ಇಟ್ಟ ಮೇಲೆಯೇ ಕ್ಯಾಲಿಬ್ರೇಟ್ ಮಾಡಬೇಕು. ನಿಮ್ಮ 300 ಎಲ್ಲಿಂದ ಬಂತು?

ರೊಟ್ಟಿಮನೆ_ದಾವಣಗೆರೆ: ಒಂದು ವಿಡಿಯೋದಲ್ಲಿ ನೋಡಿದ್ದು ಸರ್. ಎರಡು ದಿನ ಆನ್ ಇಟ್ಟೆ. ರಾತ್ರಿ ಒಲೆ ಆರಿಸಿ, ಕಿಟಕಿ ತೆಗೆದಾಗ 93ಕ್ಕೆ ನಿಂತಿದೆ.

ಹಳೇ_ಮೀಟರ್: ಈಗ ಲೆಕ್ಕ ಹಾಕಬಹುದು. v ನಿಮ್ಮ ರೀಡಿಂಗ್, RL ಲೋಡ್ ರೆಸಿಸ್ಟರ್, Rs ಸೆನ್ಸರಿನ ಈಗಿನ ರೆಸಿಸ್ಟೆನ್ಸ್, R0 1000 ಪಿಪಿಎಂ ಎಲ್‌ಪಿಜಿಯಲ್ಲಿ ಅದರ ರೆಸಿಸ್ಟೆನ್ಸ್.

```
Rs = RL * (1023 - v) / v
   = 20 * (1023 - 93) / 93 = 200 k
R0 = Rs / 10 = 20 k
```

ಎಂಕ್ಯೂ-6ಕ್ಕೆ ಶುದ್ಧ ಗಾಳಿಯಲ್ಲಿ Rs/R0 ಸುಮಾರು 10, 1000 ಪಿಪಿಎಂ ಎಲ್‌ಪಿಜಿಯಲ್ಲಿ 1. ಅಂದರೆ Rs 20 ಕೆಗೆ ಇಳಿದಾಗ ರೀಡಿಂಗ್ 511 ಬರುತ್ತದೆ. ಎಲ್‌ಪಿಜಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಸುಮಾರು 18,000 ಪಿಪಿಎಂ ದಾಟಿದ ಮೇಲೆ. ಹಾಗಾಗಿ 500 ಇಟ್ಟರೂ ಸಾಕಷ್ಟು ಮುಂಚೆಯೇ ಗೊತ್ತಾಗುತ್ತದೆ. ಇದು ಅಂದಾಜು ಅಷ್ಟೇ, ಸೆಕೆ ಮತ್ತು ತೇವಕ್ಕೆ ಬದಲಾಗುತ್ತದೆ. ಮಳೆಗಾಲದಲ್ಲಿ ಮತ್ತೆ ನೋಡಿ.

```
int n = 0;

void loop() {
  delay(1000);
  if (millis() < 180000UL) return;
  int v = analogRead(A0);
  if (v > 500) n++; else n = 0;
  if (n >= 10) digitalWrite(7, HIGH);
  if (v < 350) digitalWrite(7, LOW);
}
```

ಹತ್ತು ಸೆಕೆಂಡ್ ಸತತವಾಗಿ ಮೇಲಿದ್ದರೆ ಮಾತ್ರ ಆನ್, 350ಕ್ಕಿಂತ ಕೆಳಗಿಳಿದರೆ ಆಫ್. ನಡುವಿನ ಈ ಅಂತರ ಇಲ್ಲದಿದ್ದರೆ ರಿಲೇ ಟಕಟಕ ಅನ್ನುತ್ತಲೇ ಇರುತ್ತದೆ.

ನನಗೆ ನಿಜಕ್ಕೂ ಭಯ ಇರುವುದು ಕೋಡ್ ರೀಡಿಂಗನ್ನೇ ನೋಡದ ಆ ಮೊದಲ ಮೂರು ನಿಮಿಷದ್ದು. ಕರೆಂಟ್ ಇಲ್ಲದಾಗ ಗ್ಯಾಸ್ ಸೋರಿ ತುಂಬಿದ್ದರೆ? ಕರೆಂಟ್ ಬಂದ ಮೇಲೆ ಫ್ಯಾನ್ ಶುರುವಾದರೆ ರಿಲೇ ಕಿಡಿಯೇ ಸಾಕು. ಸೆನ್ಸರಿಗೆ, ಬೋರ್ಡಿಗೆ, ಬಜರಿಗೆ ಬ್ಯಾಟರಿ ಕೊಡಿ. ಹೀಟರ್ ಒಂದೇ ಸುಮಾರು 150 ಮಿಲಿಆಂಪ್ ಎಳೆಯುತ್ತದೆ, ಬ್ಯಾಟರಿ ಅದಕ್ಕೆ ತಕ್ಕಂತಿರಲಿ. ಆಗ ಕರೆಂಟ್ ಹೋದರೂ ಸೆನ್ಸರ್ ಬಿಸಿಯಾಗಿಯೇ ಇರುತ್ತದೆ. ಕರೆಂಟ್ ಇಲ್ಲದಾಗ ಅಲಾರಂ ಕೂಗಿದ್ದರೆ, ಕರೆಂಟ್ ಬಂದ ಮೇಲೂ ಫ್ಯಾನ್ ತಾನೇ ಶುರುವಾಗದ ಹಾಗೆ ಕೋಡಲ್ಲಿ ಸೇರಿಸಿ. ರಿಲೇ ಅಡುಗೆಮನೆಯ ಹೊರಗಿರಲಿ.

ಸೋಲ್ಡರ್_ಹುಡುಗ: ಎಕ್ಸಾಸ್ಟ್ ಫ್ಯಾನಿನಲ್ಲಿ ಬ್ರಷ್ ಇರಲ್ಲ ಸರ್, ಕಿಡಿ ಎಲ್ಲಿಂದ?

ಹಳೇ_ಮೀಟರ್: ಬ್ರಷ್ ಇಲ್ಲದಿರಬಹುದು. ಹಳೇ ವೈರಿಂಗ್, ಸಡಿಲ ಕನೆಕ್ಷನ್ ಇದ್ದೇ ಇರುತ್ತದಲ್ವಾ? ಅದೂ ಅಲ್ಲದೆ ಸೂರಿನ ಹತ್ತಿರದ ಫ್ಯಾನ್ ನೆಲದ ಗ್ಯಾಸನ್ನು ಅಷ್ಟಾಗಿ ಎಳೆಯುವುದಿಲ್ಲ. ಬಾಗಿಲ ಕೆಳಗೆ ಗಾಳಿ ಹೋಗಲು ಜಾಲರಿ ಬೇಕೇ ಬೇಕು.

ರೊಟ್ಟಿಮನೆ_ದಾವಣಗೆರೆ: ಸೆನ್ಸರ್ ಕೆಳಗಿಳಿಸಿ ಎಂಟು ದಿನವಾಯಿತು. ಒಗ್ಗರಣೆಗೆ ಈಗ 150 ದಾಟುತ್ತಿಲ್ಲ. ಹೊತ್ತಿಸದೆ ಲೈಟರ್ ಗ್ಯಾಸನ್ನು ಒಂದು ಗೇಣು ದೂರದಿಂದ ಬಿಟ್ಟಾಗ 600 ಮುಟ್ಟಿ, ಹತ್ತನೇ ಸೆಕೆಂಡಿಗೆ ಅಲಾರಂ ಬಂತು. ಬ್ಯಾಟರಿ ಹಾಕಿದ್ದೇನೆ, ಜಾಲರಿ ಕೆಲಸ ಬಾಕಿ ಇದೆ. ಅಲಾರಂ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಆಫ್ ಮಾಡಿ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ ಎಂದು ಗೋಡೆಗೆ ಬರೆದು ಅಂಟಿಸಿದೆ. ಒಂದು ಅನುಮಾನ ಉಳಿದಿದೆ: ಮೊನ್ನೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದಾಗ 410ಕ್ಕೆ ಏರಿತು. ಯಾರಿಗಾದರೂ ಹೀಗೆ ಆಗಿದೆಯೇ?