ಪದಚರ್ಚೆ: ‘ಸಂದಿಗ್ಧ’ವಾಗಿರುವುದು ವಾಕ್ಯವೋ, ವ್ಯಾಕರಣವೋ?

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಒಂದೊಂದು ಚಿಹ್ನೆಯನ್ನೂ ಅಕ್ಕಪಕ್ಕ ನೋಡದೆ ಬಿಡಿಸುವ ನಿಯಮಗಳ ಪಟ್ಟಿಗೆ ಸಂದರ್ಭಮುಕ್ತ ವ್ಯಾಕರಣ ಎನ್ನುತ್ತಾರಲ್ಲ, ಅದರ ಬಗೆಗಿನ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಸಾಲಿಗೆ ಎರಡು ವ್ಯುತ್ಪತ್ತಿ ಮರ ಬಿಡಿಸಲು ಎಡೆಕೊಡುವ ವ್ಯಾಕರಣವನ್ನು, ಅಂದರೆ ಇಂಗ್ಲಿಷಿನ ambiguous grammar ಎಂಬುದನ್ನು, ‘ದ್ವ್ಯರ್ಥ ವ್ಯಾಕರಣ’ ಎಂದು ಬರೆದಿದ್ದೆ. ಕರಡು ತಿದ್ದಿದವರು ಅದನ್ನು ಹೊಡೆದುಹಾಕಿದ್ದಾರೆ, ಕಾರಣ ಹೇಳಿಲ್ಲ. ನನ್ನ ಉದಾಹರಣೆ ‘ದೊಡ್ಡ ಮನೆಯ ಬಾಗಿಲು’. ಬಾಣದ ಎಡಗಡೆಯ ಚಿಹ್ನೆಯ ಜಾಗದಲ್ಲಿ ಬಲಗಡೆಯದನ್ನು ಬರೆಯಬಹುದು, `|` ಎಂದರೆ ‘ಅಥವಾ’; `N` ನಾಮಪದ, `A` ಗುಣವಾಚಕ, `P` ‘ಯ’ ಹಚ್ಚಿದ ನಾಮಪದ:

```
N -> A N
N -> P N
P -> N ಯ
N -> ಮನೆ | ಬಾಗಿಲು
A -> ದೊಡ್ಡ
```

ಮೊದಲು `A N` ಹಿಡಿದರೆ ಬಾಗಿಲು ದೊಡ್ಡದು. ಮೊದಲು `P N` ಹಿಡಿದು, ಆ `P` ಒಳಗಿನ `N`ಗೆ `A N` ಹಾಕಿದರೆ ಮನೆ ದೊಡ್ಡದು. ಎರಡು ಅರ್ಥ ಇರುವಾಗ ದ್ವ್ಯರ್ಥ ಎಂದರೆ ತಪ್ಪೇನು?

ಶಬ್ದಪ್ರಿಯ:
ಬಾಗಿಲಿನ ವ್ಯುತ್ಪತ್ತಿ ಕೇಳಿದ್ದೀರಿ. ಹಳಗನ್ನಡದಲ್ಲಿ ಬಾಗಿಲ್, ತಮಿಳಿನಲ್ಲಿ ವಾಯಿಲ್. ಮರ ಬಿಡಿಸುವಷ್ಟು ಕವಲುಗಳೇನೂ ಇಲ್ಲ.

ಅನುವಾದಕಿ:
ಅಯ್ಯೋ, ಆ ವ್ಯುತ್ಪತ್ತಿ ಅಲ್ಲ ಸಾರ್! ಆದರೆ ನೀವು ಹೀಗೆ ಓದಿಕೊಂಡಿರಿ ಎಂದರೆ ಓದುಗರೂ ಓದಿಕೊಳ್ಳುತ್ತಾರೆ. ಅದನ್ನು ‘ನಿಷ್ಪತ್ತಿ ಮರ’ ಎಂದು ಬದಲಿಸುತ್ತೇನೆ.

ಕೋಡುಬರಹ:
ನಾನು ಕಾಲೇಜಿನಲ್ಲಿ ಕಲಿತದ್ದು ಇಷ್ಟು: ಒಂದೇ ಸಾಲನ್ನು ಎರಡು ದಾರಿಯಲ್ಲಿ ನಿಷ್ಪತ್ತಿ ಮಾಡಲು ಬಂದರೆ ವ್ಯಾಕರಣ ಸಂದಿಗ್ಧ. `E -> E - E | n` ನಿಯಮದಲ್ಲಿ, `n` ಎಂದರೆ ಅಂಕೆ ಎಂದುಕೊಂಡು, 9-4 ಬರೆಯುವಾಗ ಎಡಗಡೆಯ `E` ಮೊದಲು ಬಿಡಿಸಬಹುದು, ಬಲಗಡೆಯದನ್ನೂ ಮೊದಲು ಬಿಡಿಸಬಹುದು. ಎರಡು ದಾರಿ ಆಯಿತಲ್ಲ. ಇನ್ನು ಪದಕ್ಕೆ ‘ಅಸ್ಪಷ್ಟ’ ಸಾಲದೇ?

ಹಳೇ ಮೇಷ್ಟ್ರು:
ಅರ್ಧ ಸರಿ. ನೀವು ಹೇಳಿದ ಎರಡು ದಾರಿಗಳ ಮರ ಬಿಡಿಸಿ ನೋಡಿ. ಮೇಲೆ `E`, ಕೆಳಗೆ `E`, ‘-’, `E`, ಅವುಗಳ ಕೆಳಗೆ 9 ಮತ್ತು 4. ಯಾವ ಕೊಂಬೆಯನ್ನು ಮೊದಲು ಬರೆದಿರಿ ಎಂಬುದು ಮರಕ್ಕೆ ನೆನಪಿರುವುದಿಲ್ಲ, ಆದ್ದರಿಂದ ಮರ ಒಂದೇ. ಪ್ರತಿ ಸಲವೂ ಎಲ್ಲಕ್ಕಿಂತ ಎಡಗಡೆಯದನ್ನೇ ಬಿಡಿಸಬೇಕು ಎಂದು ಕಟ್ಟು ಹಾಕಿಕೊಳ್ಳಿ. ಹಾಗಿದ್ದೂ ಎರಡು ದಾರಿ ಉಳಿದರೆ ಮಾತ್ರ ಎರಡು ಮರ. 9-4ಕ್ಕೆ ಉಳಿಯುವುದಿಲ್ಲ; 9-4-2ಕ್ಕೆ ಉಳಿಯುತ್ತದೆ. ಒಂದು ಮರದಲ್ಲಿ ಉತ್ತರ 3, ಇನ್ನೊಂದರಲ್ಲಿ 7.

ಒಂದೊಂದು ಮರವೂ ನಿಚ್ಚಳವಾಗಿಯೇ ಇರುವುದರಿಂದ ‘ಅಸ್ಪಷ್ಟ’ ಕೂಡದು.

‘ದ್ವ್ಯರ್ಥ’ದ ತೊಡಕು 9-4-2-1 ತೆಗೆದುಕೊಂಡರೆ ಕಾಣುತ್ತದೆ. ಅದಕ್ಕೆ ಐದು ಮರಗಳು. ಲೆಕ್ಕ ಹಾಕಿದರೆ ಉತ್ತರ 2, 4, 6, 6, 8. ಐದಿರುವಾಗ ‘ದ್ವಿ’ ಎಲ್ಲಿಂದ ಬಂತು? ಅದಕ್ಕಿಂತ ಮುಖ್ಯವಾಗಿ 6 ಎರಡು ಸಲ ಬಂದಿದೆ: `(9-(4-2))-1` ಮತ್ತು `9-(4-(2-1))`. ಬೆಲೆ ಒಂದೇ, ಮರ ಬೇರೆ. ಕಳೆಯುವ ಬದಲು ಕೂಡಿದ್ದರೆ ಐದೂ ಮರಗಳ ಉತ್ತರ ಒಂದೇ ಆಗುತ್ತಿತ್ತು, ಆದರೂ ವ್ಯಾಕರಣದ ದೋಷ ಹಾಗೇ ಇರುತ್ತಿತ್ತು. ಇಲ್ಲಿ ಎಣಿಸುವುದು ಮರಗಳನ್ನು, ಅರ್ಥಗಳನ್ನಲ್ಲ. ನಿಮ್ಮ ಬಾಗಿಲಿನ ಉದಾಹರಣೆಯಲ್ಲಿ ಎರಡೂ ಜೊತೆಯಾಗಿ ಬಂದದ್ದರಿಂದ ಮೋಸಹೋದಿರಿ.

ಪದಹುಳು:
ಹಾಗಾದರೆ ‘ಕಾಲು ಸಾಲದು’ ಸಂದಿಗ್ಧವಲ್ಲವೇ? ದೇಹದ ಕಾಲೂ ಆಗಬಹುದು, ನಾಲ್ಕರಲ್ಲೊಂದು ಪಾಲೂ ಆಗಬಹುದು.

ಹಳೇ ಮೇಷ್ಟ್ರು:
ನಿಮ್ಮ ವ್ಯಾಕರಣದಲ್ಲಿ ಎರಡಕ್ಕೂ ಬರೀ `N` ಎಂದೇ ಹೆಸರಿದ್ದರೆ ಮರ ಒಂದೇ, ಈ ಲೆಕ್ಕದಲ್ಲಿ ಸಂದಿಗ್ಧವಲ್ಲ. ಪಾಲಿಗೆ ಬೇರೆ ಹೆಸರಿಟ್ಟು ಬೇರೆ ನಿಯಮ ಬರೆದರೆ ಅದೇ ಸಾಲಿಗೆ ಎರಡು ಮರ ಬಂದೀತು. ಸಾಲು ಅದೇ, ಬದಲಾದದ್ದು ವ್ಯಾಕರಣ.

ಅನುವಾದಕಿ:
ಅಂದರೆ ವಿಶೇಷಣ ವ್ಯಾಕರಣಕ್ಕೇ ಸೇರಬೇಕು. ಭಾಷೆಗೆ ಹಚ್ಚಬಾರದು ಎಂದು ಅಡಿಟಿಪ್ಪಣಿ ಹಾಕಲೇ?

ಹಳೇ ಮೇಷ್ಟ್ರು:
ಅಷ್ಟು ಗಟ್ಟಿಯಾಗಿ ಬೇಡ. ಕಳೆಯುವ ಭಾಷೆಗೆ `E -> E - n | n` ಎಂದು ಬರೆದರೆ ಸಾಕು. ಬಲಗಡೆ ಅಂಕೆ ಮಾತ್ರ ಕೂರಬಲ್ಲದು, ಆಗ 9-4-2ಕ್ಕೆ ಒಂದೇ ಮರ, ಉತ್ತರ 3. ಭಾಷೆ ಅದೇ, ವ್ಯಾಕರಣ ಮಾತ್ರ ಬೇರೆ. ಆದರೆ ಯಾವ ಸಂದರ್ಭಮುಕ್ತ ವ್ಯಾಕರಣ ಬರೆದರೂ ಸಂದಿಗ್ಧತೆ ಬಿಡದ ಭಾಷೆಗಳೂ ಇವೆ. 1961ರಲ್ಲಿ ರೋಹಿತ್ ಪಾರಿಖ್ ಅದನ್ನು ತೋರಿಸಿದರು. ಅಂಥವಕ್ಕೆ ‘ಸಹಜಸಂದಿಗ್ಧ ಭಾಷೆ’ ಎನ್ನಬಹುದು.

ಕೋಡುಬರಹ:
ಹಾಗಾದರೆ ಬಾಗಿಲಿನ ವ್ಯಾಕರಣವನ್ನೂ ಹೀಗೆ ತಿದ್ದಿಬಿಡಿ. ವ್ಯಾಕರಣ ಕೊಟ್ಟರೆ ಸಂದಿಗ್ಧವೋ ಅಲ್ಲವೋ ಹೇಳುವ ಪ್ರೋಗ್ರಾಮನ್ನು ನಾನೇ ಬರೆದುಕೊಡುತ್ತೇನೆ.

ಹಳೇ ಮೇಷ್ಟ್ರು:
ತಿದ್ದಬಹುದು, ಆದರೆ ಆಗ ದೊಡ್ಡ ಬಾಗಿಲೋ ದೊಡ್ಡ ಮನೆಯೋ ಯಾವುದಾದರೊಂದು ಕೈಬಿಡುತ್ತದೆ. ಕಂಪೈಲರಿಗೆ ಅದು ಲಾಭ, ಕನ್ನಡಕ್ಕೆ ನಷ್ಟ. ಇನ್ನು ನಿಮ್ಮ ಪ್ರೋಗ್ರಾಮು: ಎಲ್ಲ ಸಂದರ್ಭಮುಕ್ತ ವ್ಯಾಕರಣಗಳಿಗೂ ಸರಿಯುತ್ತರ ಕೊಡುವ ಅಂಥದ್ದು ಸಾಧ್ಯವೇ ಇಲ್ಲವೆಂದು ಸಾಧಿಸಿಯಾಗಿದೆ. ಸಣ್ಣ ಸಾಲುಗಳಿಂದ ಶುರುಮಾಡಿ ಮರ ಎಣಿಸುತ್ತ ಹೋಗಬಹುದು. ಎರಡು ಸಿಕ್ಕರೆ ಗೆದ್ದಿರಿ. ಸಿಗದಿದ್ದರೆ ಇಲ್ಲವೆಂದು ಹೇಳುವ ಹಾಗಿಲ್ಲ.

ಪದಹುಳು:
ಪದಕ್ಕೆ ಬರೋಣ. ‘ಸಂದಿಗ್ಧ’ ಎಂದರೆ ಸಂದೇಹ, ಮರಕ್ಕೇನು ಸಂದೇಹ? ‘ಕವಲು ವ್ಯಾಕರಣ’ ಎಂದರೆ ಚೆಂದ.

ಅನುವಾದಕಿ:
ಮರ ಎಂದಮೇಲೆ ಕವಲು ಇದ್ದೇ ಇರುತ್ತದೆ, ಒಂದೇ ಮರವಿದ್ದರೂ! ‘ಬಹುಮರ ವ್ಯಾಕರಣ’ ಎಂದರೆ ತೋಟಗಾರಿಕೆ ಆದೀತು. ಸದ್ಯಕ್ಕೆ ‘ಸಂದಿಗ್ಧ’ ಇಟ್ಟಿರುತ್ತೇನೆ, ಮೊದಲ ಉದಾಹರಣೆಯಾಗಿ ಎರಡು 6ಗಳ ಲೆಕ್ಕ ಹಾಕುತ್ತೇನೆ.

ಪದಹುಳು:
ಇಡಿ. ನಾನು ಇನ್ನೂ ಒಪ್ಪಿಲ್ಲ.